ಉಸಿರು ಎಣಿಸಿದ ಮೇಲೆ ಬಣ್ಣ

ಸಂಜೆ ಆರು ದಾಟಿದ ಮೇಲೆ ಸಣ್ಣ ಊರಿನ ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಇರುವುದು ಒಬ್ಬ ಡ್ಯೂಟಿ ಡಾಕ್ಟರು, ಒಬ್ಬರೋ ಇಬ್ಬರೋ ಸಿಸ್ಟರುಗಳು, ನಾಲ್ಕೈದು ಮಂಚ. ಹತ್ತು ನಿಮಿಷದೊಳಗೆ ನಾಲ್ಕು ಜನ ಬಂದರೆ ಯಾರನ್ನು ಮೊದಲು ನೋಡುತ್ತಾರೆ ಎಂಬುದನ್ನು ಒಂದು ದಿನ ಸುಮ್ಮನೆ ಕೂತು ಗಮನಿಸಿ. ಯಾರ ಬಟ್ಟೆಯ ಮೇಲೆ ರಕ್ತವಿದೆಯೋ ಅವರು ಮೊದಲು. ಯಾರ ಜೊತೆ ಜನ ಹೆಚ್ಚು ಬಂದಿದ್ದಾರೋ ಅವರು ಆಮೇಲೆ. ಯಾರ ಪರವಾಗಿ ಫೋನು ಬಂತೋ ಅವರು ನಡುವೆ ತೂರಿಕೊಳ್ಳುತ್ತಾರೆ. ಮಗನ ಹೆಗಲಿಗೆ ಒರಗಿ ಬೆಂಚಿನ ತುದಿಯಲ್ಲಿ ಕೂತ ಮುದುಕಿ, ಯಾರನ್ನೂ ಏನೂ ಕೇಳದೆ, ಕೊನೆಗೆ.

ಈ ಮುದುಕಿಯನ್ನು ಹುಡುಕಿ ತೆಗೆಯುವುದಕ್ಕೆಂದೇ ಮಾಡಿದ ಒಂದು ಹಾಳೆ ಇದೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ 2004ರಲ್ಲಿ ತುರ್ತು ಚಿಕಿತ್ಸೆಯ ವೈದ್ಯರು, ನರ್ಸುಗಳು, ಆಂಬ್ಯುಲೆನ್ಸ್ ಸಿಬ್ಬಂದಿ ಸೇರಿ ‘ಕೇಪ್ ಟ್ರಯಾಜ್ ಗುಂಪು’ ಎಂದು ಮಾಡಿಕೊಂಡರು. ಯಾರನ್ನು ಮೊದಲು ನೋಡಬೇಕು ಎಂದು ವಿಂಗಡಿಸುವ ಪದ್ಧತಿಗಳು ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಅಷ್ಟರಲ್ಲಾಗಲೇ ಇದ್ದವು. ಆದರೆ ಅವೆಲ್ಲ ಬಾಗಿಲಲ್ಲಿ ಒಬ್ಬ ನುರಿತ ನರ್ಸ್ ನಿಂತಿರುತ್ತಾಳೆ ಎಂದು ನಂಬಿ ಮಾಡಿದವು. ರೋಗಿಯನ್ನು ನೋಡಿ ಅಂದಾಜಿಸುವ ಅನುಭವ ಅವಳಿಗಿದೆ ಎಂದು ಲೆಕ್ಕ. ಕೇಪ್‌ಟೌನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಅಂಥವರು ಸಾಕಷ್ಟು ಇರಲಿಲ್ಲ. ಹಾಗಾಗಿ ಅನುಭವ ಕಡಿಮೆ ಇರುವ ಸಹಾಯಕ ನರ್ಸ್ ಕೂಡ ಅಳೆದು, ಕೂಡಿಸಿ, ಬಣ್ಣ ಹಾಕಬಹುದಾದಂಥ ಕಾರ್ಡು ಬೇಕಾಯಿತು. 2006ರಲ್ಲಿ ಪಶ್ಚಿಮ ಕೇಪ್ ಪ್ರಾಂತ್ಯದಲ್ಲಿ ಅದು ಜಾರಿಗೆ ಬಂತು. ಮುಂದೆ ದಕ್ಷಿಣ ಆಫ್ರಿಕಾ ಟ್ರಯಾಜ್ ಸ್ಕೇಲ್ ಎಂಬ ಹೆಸರಿನಲ್ಲಿ ಬೇರೆ ದೇಶಗಳಿಗೂ ಹೋಯಿತು; ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆಯವರು ತಮ್ಮ ಹಲವು ಆಸ್ಪತ್ರೆಗಳಲ್ಲಿ ಬಳಸಿದರು. ದೆಹಲಿಯ ಏಮ್ಸ್ ತನ್ನದೇ ಆದ ಕೆಂಪು, ಹಳದಿ, ಹಸಿರು ಪದ್ಧತಿ ಮಾಡಿಕೊಂಡಿದೆ. ನಾನು ಇಲ್ಲಿ ಕೇಪ್‌ಟೌನಿನ ಕಾರ್ಡನ್ನೇ ಹಿಡಿದುಕೊಳ್ಳಲು ಕಾರಣ, ಅದು ಹುಟ್ಟಿದ ಕಷ್ಟ ನಮ್ಮ ಸಣ್ಣ ಆಸ್ಪತ್ರೆಗಳ ಕಷ್ಟವೇ.

ಬಣ್ಣಗಳು ನಾಲ್ಕು. ಕೆಂಪು ಬಂದರೆ ಆ ಕ್ಷಣವೇ ಡಾಕ್ಟರು ಮಂಚದ ಬಳಿ ಇರಬೇಕು. ಕಿತ್ತಳೆಗೆ ಹತ್ತು ನಿಮಿಷ, ಹಳದಿಗೆ ಒಂದು ಗಂಟೆ, ಹಸಿರಿಗೆ ನಾಲ್ಕು ಗಂಟೆ. (ಐದನೆಯದಾಗಿ ನೀಲಿ ಇದೆ, ಅದು ಬರುವಾಗಲೇ ಪ್ರಾಣ ಹೋಗಿದ್ದವರಿಗೆ.) ಕೆಂಪಿಗೂ ಹಳದಿಗೂ ನಡುವೆ ಕಿತ್ತಳೆ ಯಾಕೆ ಎಂದು ಕೇಳುವವರಿದ್ದಾರೆ. ಒಬ್ಬರೇ ಡಾಕ್ಟರಿರುವ ಕಡೆ ಎಲ್ಲ ಗಂಭೀರ ರೋಗಿಗಳೂ ಕೆಂಪಾದರೆ ಕೆಂಪಿಗೆ ಅರ್ಥ ಉಳಿಯುವುದಿಲ್ಲ. ಉಸಿರುಕೊಳವೆ ಕಟ್ಟಿರುವವನು ಒಂದು ನಿಮಿಷ ಕಾಯಲಾರ. ಎದೆನೋವಿನವನು ಹತ್ತು ನಿಮಿಷ ಕಾಯಬಲ್ಲ, ಒಂದು ಗಂಟೆ ಕಾಯಲಾರ. ಸಣ್ಣ ಆಸ್ಪತ್ರೆಗೆ ಬೇಕಾದ್ದು ಈ ಅಂತರವೇ.

ಬಣ್ಣ ಗೊತ್ತಾಗುವುದು ಎರಡು ದಾರಿಯಲ್ಲಿ. ಒಂದು, ಕಣ್ಣಿಗೆ ಬೀಳುವ ಅಥವಾ ಬಾಯಲ್ಲಿ ಹೇಳಿದ ಲಕ್ಷಣ: ಫಿಟ್ಸ್ ಬರುತ್ತಿದೆ, ಎದೆನೋವು, ನಿಲ್ಲದ ರಕ್ತ, ವಿಷ ಕುಡಿದದ್ದು. ಇನ್ನೊಂದು, ಅಳತೆಗಳಿಂದ ಬರುವ ಅಂಕ. ಎರಡರಲ್ಲಿ ಯಾವುದು ಹೆಚ್ಚು ತುರ್ತನ್ನು ತೋರಿಸುತ್ತದೋ ಆ ಬಣ್ಣ ನಿಲ್ಲುತ್ತದೆ. ಅಂಕ ಕೊಡುವ ಪದ್ಧತಿ ಬಂದದ್ದು ಬ್ರಿಟನ್ನಿನ ವಾರ್ಡುಗಳಿಂದ. ಒಳರೋಗಿ ಹದಗೆಡುತ್ತಿದ್ದಾನೆಯೇ ಎಂದು ಮುಂಚೆಯೇ ತಿಳಿಯಲು ಅಲ್ಲಿ ನಾಡಿ, ಉಸಿರು, ಬಿಪಿ, ಜ್ವರ, ಎಚ್ಚರ ಇವಕ್ಕೆಲ್ಲ ಅಂಕ ಹಾಕುತ್ತಿದ್ದರು. ಕೇಪ್‌ಟೌನಿನವರು ಅದಕ್ಕೆ ಎರಡನ್ನು ಸೇರಿಸಿದರು: ರೋಗಿ ನಡೆದು ಬಂದನೇ, ಹಿಡಿದುಕೊಂಡು ಬಂದರೇ, ಸ್ಟ್ರೆಚರ್ ಮೇಲೆ ಬಂದನೇ, ಪೆಟ್ಟು ಬಿದ್ದಿದೆಯೇ, ಇಲ್ಲವೇ. ಎರಡಕ್ಕೂ ಯಾವ ಯಂತ್ರವೂ ಬೇಡ. ಬಾಗಿಲ ಕಡೆ ನೋಡಿದರೆ ಸಾಕು. ಒಟ್ಟು ಅಂಕ 7 ಅಥವಾ ಹೆಚ್ಚಾದರೆ ಕೆಂಪು, 5 ಅಥವಾ 6 ಕಿತ್ತಳೆ, 3 ಅಥವಾ 4 ಹಳದಿ, 2ರ ತನಕ ಹಸಿರು.

ಈಗ ಒಂದು ಸಂಜೆಯನ್ನು ಕಲ್ಪಿಸಿಕೊಳ್ಳೋಣ. ಮೇವು ಕತ್ತರಿಸುವ ಯಂತ್ರಕ್ಕೆ ಬೆರಳು ಕೊಟ್ಟ ಇಪ್ಪತ್ತೈದರ ಹುಡುಗ ಬರುತ್ತಾನೆ. ಕೈಗೆ ಸುತ್ತಿದ ಟವೆಲ್ ಪೂರ್ತಿ ಕೆಂಪಾಗಿದೆ, ಜೊತೆಗೆ ಬಂದ ಐದು ಜನರೂ ಒಟ್ಟಿಗೆ ಕೂಗುತ್ತಿದ್ದಾರೆ. ಅದೇ ಹೊತ್ತಿಗೆ ಆಟೋದಿಂದ ಅರವತ್ತೆರಡು ವರ್ಷದ ಹೆಂಗಸನ್ನು ಮಗ ಇಳಿಸಿಕೊಂಡು ಬರುತ್ತಾನೆ. ಸಕ್ಕರೆ ಕಾಯಿಲೆ ಇದೆ. “ಎರಡು ದಿನದಿಂದ ಸುಸ್ತು ಸಿಸ್ಟರ್, ಊಟ ಸೇರ್ತಿಲ್ಲ, ಜ್ವರ ಏನಿಲ್ಲ” ಎನ್ನುತ್ತಾನೆ. ಅವಳು ಏನೂ ಹೇಳುವುದಿಲ್ಲ.

ಹುಡುಗನದು ಮೊದಲು. ಸಿಸ್ಟರ್ ಟವೆಲ್ ಬಿಚ್ಚಿ ಗಾಜ್ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ. ನಿಂತಿತು ಎಂದರೆ ಲಕ್ಷಣದ ದಾರಿಯಲ್ಲಿ ಹಳದಿ. ನಿಲ್ಲದಿದ್ದರೆ ಕಿತ್ತಳೆ ಆಗುತ್ತಿತ್ತು. ಅಂಕದ ದಾರಿಯಲ್ಲಿ: ನಡೆದು ಬಂದ, 0. ಉಸಿರು ನಿಮಿಷಕ್ಕೆ 18, ಅದಕ್ಕೆ 1. ನಾಡಿ ಗಾಬರಿಗೆ 104, ಅದಕ್ಕೆ 1. ಬಿಪಿ, ಜ್ವರ, ಎಚ್ಚರ ಸರಿಯಾಗಿವೆ, 0. ಪೆಟ್ಟು ಬಿದ್ದಿದೆ, 1. ಒಟ್ಟು 3, ಹಳದಿ. ಎರಡು ದಾರಿಯೂ ಒಂದೇ ಬಣ್ಣ ಹೇಳಿದವು. ಒಂದು ಗಂಟೆಯೊಳಗೆ ಹೊಲಿಗೆ.

ಹೆಂಗಸಿನದು: ಹಿಡಿದುಕೊಂಡು ನಡೆದಳು, 1. ನಾಡಿ 112, ಅದಕ್ಕೆ 2. ಬಿಪಿಯ ಮೇಲಿನ ಸಂಖ್ಯೆ 104. ಈ ಕಾರ್ಡಿನಲ್ಲಿ 101ರಿಂದ 199ರ ತನಕ ಅಂಕವಿಲ್ಲ, ಹಾಗಾಗಿ 0. ಜ್ವರವಿಲ್ಲ, 0. ಹೆಸರು ಕೇಳಿದರೆ ಹೇಳುತ್ತಾಳೆ, ಯಾವ ಊರು ಎಂದರೆ ಹೇಳುತ್ತಾಳೆ, 0. ಪೆಟ್ಟಿಲ್ಲ, 0. ಇಲ್ಲಿಗೆ 3 ಆಯಿತು. ಬಾಕಿ ಉಳಿದದ್ದು ಉಸಿರು. ಪೂರ್ತಿ ಒಂದು ನಿಮಿಷ ಎಣಿಸಿದರೆ 26. ಅದಕ್ಕೆ 2 ಅಂಕ. ಒಟ್ಟು 5, ಕಿತ್ತಳೆ.

ಎಣಿಸದೆ 20 ಎಂದು ಬರೆದಿದ್ದರೆ? ಉಸಿರಿಗೆ 1 ಅಂಕ, ಒಟ್ಟು 4, ಹಳದಿ. ಹತ್ತು ನಿಮಿಷದ ರೋಗಿ ಒಂದು ಗಂಟೆಯ ರೋಗಿಯಾಗುತ್ತಾಳೆ. ಒಂದೇ ಒಂದು ಕಾಲಂ, ಒಂದೇ ಒಂದು ಅಂಕ. ಅವಳಿಗೆ ಮೂತ್ರದ ಸೋಂಕು ರಕ್ತಕ್ಕೆ ಏರಿದೆ ಎಂದಿಟ್ಟುಕೊಳ್ಳಿ. ಆ ಗಂಟೆ ಕಳೆಯುವ ಹೊತ್ತಿಗೆ ಉಸಿರು 32, ನಾಡಿ 128, ಬಿಪಿ 92, ಮಾತು ಕಲಸಿಕೊಂಡಿದೆ, ಬೆಂಚಿನಿಂದ ಎತ್ತಿ ಮಂಚಕ್ಕೆ ಹಾಕಬೇಕಾಗಿದೆ. ಕ್ರಮವಾಗಿ 3, 2, 1, 2, 2. ಒಟ್ಟು 10. ಕೆಂಪಿನ ಗೆರೆ ದಾಟಿ ಬಹಳ ದೂರ ಹೋಗಿಯಾಯಿತು. ಡ್ರಿಪ್ ಹಾಕಿ ಆಂಟಿಬಯಾಟಿಕ್ ಶುರು ಮಾಡಲು ಸುಲಭವಾಗಿದ್ದ ಹೊತ್ತು ಅದೇ ಬೆಂಚಿನ ಮೇಲೆ ಕಳೆದುಹೋಯಿತು.

ಉಸಿರೇ ಮೊದಲು ಏರುವುದು ಯಾಕೆ ಎಂದು ತಿಳಿದರೆ ಈ ಕಾಲಂ ಬಗ್ಗೆ ಉದಾಸೀನ ಬರುವುದಿಲ್ಲ. ಸೋಂಕು ರಕ್ತಕ್ಕೆ ಹರಡಿದಾಗ ಅಂಗಾಂಗಗಳಿಗೆ ರಕ್ತದ ಪೂರೈಕೆ ತಗ್ಗಿ, ಜೀವಕೋಶಗಳಲ್ಲಿ ಆಮ್ಲ ಸೇರತೊಡಗುತ್ತದೆ. ದೇಹ ಆ ಆಮ್ಲವನ್ನು ಹೊರಹಾಕಲು ಕಂಡುಕೊಂಡ ಅತಿ ವೇಗದ ದಾರಿ ಇಂಗಾಲದ ಡೈಆಕ್ಸೈಡನ್ನು ಊದಿ ಬಿಡುವುದು. ಅಂದರೆ ವೇಗವಾಗಿ ಉಸಿರಾಡುವುದು. ಆಗ ಬೆರಳಿಗೆ ಹಾಕುವ ಆಕ್ಸಿಮೀಟರ್ 97 ಎಂದು ತೋರಿಸುತ್ತಲೇ ಇರಬಹುದು. ಶ್ವಾಸಕೋಶ ಚೆನ್ನಾಗಿಯೇ ಇದೆ. ಬಿಪಿ ಕೂಡ ಮೋಸ ಮಾಡುತ್ತದೆ. ಹೃದಯ ವೇಗ ಹೆಚ್ಚಿಸಿಕೊಂಡು ಅದನ್ನು ಸಾಕಷ್ಟು ಹೊತ್ತು ಎತ್ತಿ ಹಿಡಿದಿರುತ್ತದೆ. ಬಿಪಿ ಕುಸಿಯುವುದು ಆ ಹೋರಾಟ ಸೋತ ಮೇಲೆ. ಕೋವಿಡ್ ಕಾಲದಿಂದ ನಮಗೆ ಆಕ್ಸಿಮೀಟರ್ ಮೇಲೆ ಹುಟ್ಟಿದ ಭಕ್ತಿಯನ್ನು ಈ ಮಟ್ಟಿಗೆ ಸ್ವಲ್ಪ ತಗ್ಗಿಸಿಕೊಳ್ಳಬೇಕು ಎಂದು ನನ್ನ ಅನಿಸಿಕೆ.

ಆದರೆ ಸಣ್ಣ ಆಸ್ಪತ್ರೆಯ ಬಾಗಿಲಲ್ಲಿ ಯಂತ್ರ ಎಣಿಸದ ಅಳತೆಯೂ ಇದೇ. ಬಿಪಿ ಮಿಷನ್ ನಾಡಿಯನ್ನೂ ತಾನೇ ತೋರಿಸುತ್ತದೆ, ಥರ್ಮಾಮೀಟರ್ ಬೀಪ್ ಮಾಡುತ್ತದೆ. ಉಸಿರಿಗೆ ಮಾತ್ರ ಗಡಿಯಾರ ನೋಡುತ್ತಾ ಒಬ್ಬ ಮನುಷ್ಯ ಒಂದು ನಿಮಿಷ ನಿಲ್ಲಬೇಕು. ಜನ ತುಂಬಿದ ಕ್ಯಾಶುವಾಲ್ಟಿಯಲ್ಲಿ ಆ ಒಂದು ನಿಮಿಷ ಬಹಳ ದುಬಾರಿ. ಹಾಗಾಗಿ 18 ಅಥವಾ 20 ಎಂದು ಬರೆದು ಮುಂದೆ ಹೋಗುವ ಅಭ್ಯಾಸ ಎಲ್ಲ ಕಡೆ ಇದೆ. ಈ ಕಾರ್ಡಿನಲ್ಲಿ ಆ ಅಭ್ಯಾಸ ಎರಡು ಕಡೆಯಿಂದ ಕೆಡಿಸುತ್ತದೆ. ಉಸಿರು 9ರಿಂದ 14 ಇದ್ದರೆ ಅಂಕವಿಲ್ಲ, 15ರಿಂದ 20ಕ್ಕೆ 1, 21ರಿಂದ 29ಕ್ಕೆ 2, ಅದಕ್ಕೂ ಮೇಲೆ 3. ಎಲ್ಲರಿಗೂ 20 ಎಂದು ಬರೆದರೆ ನೆಟ್ಟಗಿರುವವನಿಗೆ ಒಂದು ಅಂಕ ಪುಕ್ಕಟೆ ಸಿಗುತ್ತದೆ, ಕೆಡುತ್ತಿರುವವನಿಂದ ಒಂದೋ ಎರಡೋ ಅಂಕ ಕಿತ್ತುಕೊಂಡಂತಾಗುತ್ತದೆ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ.

ಎಣಿಸುವುದರಲ್ಲೂ ಒಂದು ಉಪಾಯ ಇದೆ. “ನಿಮ್ಮ ಉಸಿರು ಎಣಿಸ್ತೀನಿ” ಎಂದು ಹೇಳಿದ ಕೂಡಲೇ ಉಸಿರಾಟ ಬದಲಾಗಿಬಿಡುತ್ತದೆ. ಅನುಭವಿ ಸಿಸ್ಟರುಗಳು ನಾಡಿ ನೋಡುವವರಂತೆ ಮಣಿಕಟ್ಟು ಹಿಡಿದುಕೊಂಡೇ, ಕಣ್ಣನ್ನು ಹೊಟ್ಟೆಯ ಮೇಲಿನ ಸೆರಗಿನ ಕಡೆಗೆ ಇಟ್ಟು ಎಣಿಸುತ್ತಾರೆ. ಮಾತಾಡಿಸುವುದಿಲ್ಲ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಇಲ್ಲಿ ಒಗ್ಗದು: ಐದು ಉಸಿರಾದರೆ 20, ಆರಾದರೆ 24. ಒಂದು ಉಸಿರು ತಪ್ಪಿದರೆ ಅಂಕವೇ ಬೇರೆ.

ಎಣಿಸಿದ್ದಾರೋ ಇಲ್ಲವೋ ಎಂದು ಹೊರಗಿನವರು ಪತ್ತೆ ಮಾಡುವುದೂ ಸುಲಭ. ಒಂದು ವಾರದ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿ ಉಸಿರಿನ ಕಾಲಂ ಮಾತ್ರ ಓದಿ. ಪೂರ್ತಿ ನಿಮಿಷ ಎಣಿಸಿದ್ದರೆ 17, 19, 23 ಇಂಥ ಬೆಸ ಸಂಖ್ಯೆಗಳು ಸಮಸಂಖ್ಯೆಗಳಷ್ಟೇ ಬರಬೇಕು. ಬರೀ ಸಮಸಂಖ್ಯೆಗಳಿದ್ದರೆ ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಿದ್ದಾರೆ. ಬರೀ 16, 20, 24 ಇದ್ದರೆ ಕಾಲು ನಿಮಿಷ. ಬರೀ 18 ಮತ್ತು 20 ಇದ್ದರೆ ಯಾರೂ ಗಡಿಯಾರ ನೋಡಿಲ್ಲ.

ಹಾಗೆಂದು ಅಂಕವನ್ನೇ ನಂಬಿ ಕೂರುವಂತೆಯೂ ಇಲ್ಲ. ಅದೇ ಸಂಜೆ ಮೂರನೆಯವರಾಗಿ ನಲವತ್ತೈದರ ಮೇಷ್ಟ್ರೊಬ್ಬರು ಸ್ಕೂಟರ್ ನಿಲ್ಲಿಸಿ ತಾವೇ ನಡೆದು ಬರುತ್ತಾರೆ. ಎದೆ ನಡುವೆ ಒತ್ತಿದಂತಾಗುತ್ತಿದೆ, ಬಹುಶಃ ಗ್ಯಾಸ್ ಇರಬೇಕು ಎಂದು ಅವರೇ ರೋಗನಿರ್ಣಯ ಮಾಡಿಕೊಂಡು ಬಂದಿದ್ದಾರೆ. ಉಸಿರು 14, ನಾಡಿ 84, ಬಿಪಿ 140. ಒಟ್ಟು ಅಂಕ ಸೊನ್ನೆ. ಅಂಕದ ಪ್ರಕಾರ ಹಸಿರು, ನಾಲ್ಕು ಗಂಟೆ ಕಾಯಬಹುದು. ಲಕ್ಷಣದ ಪಟ್ಟಿಯಲ್ಲಿ ಎದೆನೋವು ಕಿತ್ತಳೆ. ಜೊತೆಗೆ, ಡಾಕ್ಟರು ಬರುವ ಮೊದಲೇ ಇಸಿಜಿ ತೆಗೆದಿಡಬೇಕು. ಹೃದಯದ ರಕ್ತನಾಳ ಕಟ್ಟಿಕೊಂಡ ಮೊದಲ ಗಂಟೆಯಲ್ಲಿ ಅಳತೆಗಳೆಲ್ಲ ನೆಟ್ಟಗಿರುವುದು ಅಪರೂಪವೇನಲ್ಲ. ಕಾರ್ಡಿನಲ್ಲಿ ಲಕ್ಷಣದ ಪಟ್ಟಿಯನ್ನು ಅಳತೆಗಿಂತ ಮೊದಲು ಓದಬೇಕು ಎಂದಿರುವುದು ಇಂಥವರಿಗಾಗಿ. ಪಟ್ಟಿಯ ಮೇಲ್ತುದಿಯ ಕೆಲವು ಲಕ್ಷಣಗಳಂತೂ ಅಳೆಯಲು ನಿಲ್ಲಿಸಿಕೊಳ್ಳುವುದನ್ನೇ ಬಿಟ್ಟು ನೇರ ಕೆಂಪಿಗೆ ಕಳಿಸುತ್ತವೆ.

ನಮ್ಮ ಊರುಗಳಿಗೆ ಈ ಪಟ್ಟಿಯಲ್ಲಿ ಒಂದು ಸಾಲನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಬೇಕು: ಹಾವು ಕಡಿತ, ಅಥವಾ ಹಾವು ಕಡಿದಿರಬಹುದೆಂಬ ಅನುಮಾನ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ. ಬಹಳ ಸಲ ನೋವಿರುವುದಿಲ್ಲ, ಗಾಯದ ಗುರುತೂ ಸರಿಯಾಗಿ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಎಂದು ಬರುತ್ತಾರೆ. ಅಳೆದರೆ ಎಲ್ಲವೂ ಸರಿಯಾಗಿರುತ್ತದೆ. ಕೆಲವು ಗಂಟೆಗಳಲ್ಲಿ ರೆಪ್ಪೆ ಭಾರವಾಗಿ ಇಳಿಯುತ್ತದೆ, ನುಂಗಲು ಕಷ್ಟವಾಗುತ್ತದೆ, ಆಮೇಲೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಉಸಿರಿನ ಕಾಲಂ ಇಲ್ಲಿ ಕೊನೆಯಲ್ಲಿ ಎಚ್ಚರಿಸುತ್ತದೆ. ಕೀಟನಾಶಕ ಕುಡಿದವರದೂ ಹೆಚ್ಚುಕಡಿಮೆ ಹೀಗೆಯೇ. ಕುಡಿದ ಅರ್ಧ ಗಂಟೆಗೆ ಬಂದವನು ಚೆನ್ನಾಗಿಯೇ ಮಾತಾಡುತ್ತಿರಬಹುದು. ವಿಷಸೇವನೆ ಎಂಬುದು ಮೂಲ ಕಾರ್ಡಿನಲ್ಲೇ ಕಿತ್ತಳೆ ಪಟ್ಟಿಯಲ್ಲಿದೆ; ಅಂಕ ಎಷ್ಟೇ ಬರಲಿ, ಆ ಬಣ್ಣ ಕೆಳಗಿಳಿಯದು.

ಇನ್ನೊಂದು ಕಡೆ ಅಳತೆ ಮೋಸ ಮಾಡುವುದು ಬಿಪಿಗೋ ಹೃದಯಕ್ಕೋ ಅಟೆನೊಲಾಲ್, ಮೆಟೊಪ್ರೊಲಾಲ್ ಇಂಥ ಮಾತ್ರೆ ನುಂಗುವವರಲ್ಲಿ. ಅವರ ನಾಡಿ ಕಷ್ಟದಲ್ಲೂ ಅಷ್ಟಾಗಿ ಏರುವುದಿಲ್ಲ. ಮೇಲೆ ಹೇಳಿದ ಹೆಂಗಸು ಆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನಾಡಿ 88 ಇರುತ್ತಿತ್ತು, ಎರಡು ಅಂಕ ಮಾಯ, ಹಳದಿ. ಇದಕ್ಕೆ ಕಾರ್ಡಿನೊಳಗೆ ಇರುವ ಪರಿಹಾರ ಒಂದೇ: ಅನುಭವಿ ನರ್ಸ್ ಅಥವಾ ಡಾಕ್ಟರಿಗೆ ಅಂಕ ಮೀರಿ ಬಣ್ಣ ಬದಲಿಸುವ ಅಧಿಕಾರ. ಬದಲಿಸಿದ್ದಕ್ಕೆ ಕಾರಣವನ್ನು ಒಂದು ಸಾಲು ಬರೆದರೆ ಸಾಕು.

ಮಕ್ಕಳಿಗೆ ಈ ಹಾಳೆ ಬೇಡವೇ ಬೇಡ. ಎಂಟು ತಿಂಗಳ ಆರೋಗ್ಯವಂತ ಕೂಸು ನಿಮಿಷಕ್ಕೆ 36 ಸಲ ಉಸಿರಾಡುತ್ತದೆ, ನಾಡಿ 130 ಇರುತ್ತದೆ, ಎತ್ತಿಕೊಂಡೇ ಬರಬೇಕು. ದೊಡ್ಡವರ ಕಾರ್ಡಿನಲ್ಲಿ ಇಷ್ಟಕ್ಕೇ ಎಂಟು ಅಂಕ, ಕೆಂಪು. ಹೀಗೆ ನಾಲ್ಕು ಸಲ ಸುಳ್ಳು ಕೆಂಪು ಬಂದರೆ ಐದನೆಯ ಸಲ ಯಾರೂ ಎದ್ದು ಬರುವುದಿಲ್ಲ. ಕೇಪ್‌ಟೌನಿನವರು ಮೂರು ವರ್ಷದೊಳಗಿನವರಿಗೆ ಒಂದು, ಮೂರರಿಂದ ಹನ್ನೆರಡಕ್ಕೆ ಒಂದು, ದೊಡ್ಡವರಿಗೆ ಒಂದು ಎಂದು ಮೂರು ಹಾಳೆ ಮಾಡಿದ್ದಾರೆ. ವಯಸ್ಸು ಗೊತ್ತಿಲ್ಲದಿದ್ದರೆ ಎತ್ತರ ನೋಡುತ್ತಾರೆ. ದೊಡ್ಡವರ ಹಾಳೆ ಒಂದೂವರೆ ಮೀಟರ್ ದಾಟಿದವರಿಗೆ.

ಹಾಳೆಯನ್ನು ತಂದು ಹಾಗೆಯೇ ಗೋಡೆಗೆ ಅಂಟಿಸಿದರೆ ಆಗುವ ತೊಂದರೆಗಳಲ್ಲಿ ಮೊದಲನೆಯದು ಅಳತೆಯ ಮಾನ. ಅಲ್ಲಿ ಜ್ವರ ಸೆಲ್ಸಿಯಸ್‌ನಲ್ಲಿ, ಸಕ್ಕರೆ ಮಿಲಿಮೋಲ್‌ನಲ್ಲಿ. ನಮ್ಮ ಸಿಸ್ಟರ್ ಬಾಯಲ್ಲಿ ಬರುವುದು “ನೂರಾ ಒಂದು ಇದೆ ಸರ್”. ಜ್ವರದ ಗೆರೆ 38.4 ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 101. ತಣ್ಣಗಾದದ್ದರ ಗೆರೆ 35 ಎಂದರೆ 95. ಸಕ್ಕರೆ 3ಕ್ಕಿಂತ ಕಡಿಮೆಯಾದರೆ ಕೆಂಪು ಎಂದಿದೆ. ನಮ್ಮ ಗ್ಲುಕೋಮೀಟರಿನಲ್ಲಿ ಅದು 54. ನಡುರಾತ್ರಿ ಎರಡು ಗಂಟೆಗೆ ಯಾರೂ ಗುಣಾಕಾರ ಮಾಡಬಾರದು. ಬದಲಾಯಿಸಿದ ಸಂಖ್ಯೆಯನ್ನೇ ಮುದ್ರಿಸಬೇಕು.

ಎರಡನೆಯದು ಜಾಗ. ನಮ್ಮಲ್ಲಿ ಮೊದಲು ಚೀಟಿ, ಆಮೇಲೆ ಮಂಚ. ಕಾರ್ಡು ಚೀಟಿ ಕೌಂಟರಿನ ಹಿಂದೆ ಇದ್ದರೆ ಹತ್ತು ನಿಮಿಷದ ಕಿತ್ತಳೆ ಕ್ಯೂನಲ್ಲೇ ಮುಗಿದುಹೋಗುತ್ತದೆ. ಬಾಗಿಲ ಪಕ್ಕ ಒಂದು ಮೇಜು, ಬಿಪಿ ಮಿಷನ್, ಥರ್ಮಾಮೀಟರ್, ಗ್ಲುಕೋಮೀಟರ್, ಸೆಕೆಂಡ್ ಮುಳ್ಳಿರುವ ಗಡಿಯಾರ. ಚೀಟಿಗೆ ಜೊತೆಗೆ ಬಂದವರು ಹೋಗಲಿ, ರೋಗಿ ಅಲ್ಲೇ ಕೂರಲಿ.

ಮೂರನೆಯದು ಜಗಳ. ಬೆರಳು ಕತ್ತರಿಸಿಕೊಂಡ ಹುಡುಗನ ಅಣ್ಣ ಬಂದು ನಿಲ್ಲುತ್ತಾನೆ. “ಸಿಸ್ಟರ್, ನಾವು ಮೊದಲು ಬಂದಿದ್ದು.” ಕಾರ್ಡಿಲ್ಲದಿದ್ದರೆ ಸಿಸ್ಟರ್ ಬಳಿ ಉತ್ತರ ಇರುತ್ತಿರಲಿಲ್ಲ. ಈಗ ಹಾಳೆ ತೋರಿಸಿ ಹೇಳಬಹುದು: “ಹೌದಪ್ಪಾ, ನೀವೇ ಮೊದಲು ಬಂದಿದ್ದು. ನಿಮ್ಮ ತಮ್ಮನ ರಕ್ತ ನಿಂತಿದೆ, ಅವನಿಗೆ ಹಳದಿ. ಈ ಅಮ್ಮನ ಉಸಿರು ನೋಡು, ಕಿತ್ತಳೆ. ಅವರದ್ದಾದ ಕೂಡಲೇ ಕರೀತೀನಿ. ಮತ್ತೆ ರಕ್ತ ಬಂದರೆ ಆ ಕ್ಷಣವೇ ಕೂಗು.” ಕೊನೆಯ ವಾಕ್ಯ ಬರೀ ಸಮಾಧಾನದ ಮಾತಲ್ಲ. ಬಣ್ಣ ಹಾಕಿದ್ದು ಆ ಹೊತ್ತಿನ ಅಳತೆಗೆ. ರೋಗ ಕಾಯುತ್ತಾ ಕೂರುವುದಿಲ್ಲ. ಹಳದಿಯವರನ್ನು ಒಂದು ಗಂಟೆಯೊಳಗೆ ನೋಡಲಾಗದಿದ್ದರೆ ಮತ್ತೆ ಎಲ್ಲವನ್ನೂ ಅಳೆದು ಹೊಸ ಅಂಕ ಹಾಕಬೇಕು. ಅದಕ್ಕೇ ಕಾರ್ಡಿನಲ್ಲಿ ಅಂಕದ ಪಕ್ಕ ಗಂಟೆ, ನಿಮಿಷ ಬರೆಯುವ ಮನೆ ಬೇಕು, ಎರಡನೆಯ ಅಳತೆಗೆ ಖಾಲಿ ಕಾಲಂ ಬೇಕು. ನಾನು ನೋಡಿದ ಕಾರ್ಡುಗಳಲ್ಲಿ ಅತಿ ಹೆಚ್ಚು ಖಾಲಿ ಉಳಿಯುವುದು ಈ ಎರಡನೆಯ ಕಾಲಮ್ಮೇ.

ಕಾರ್ಡು ಕೆಲಸ ಮಾಡುತ್ತಿದೆಯೇ ಎಂದು ನೋಡುವುದಕ್ಕೆ ದೊಡ್ಡ ಅಧ್ಯಯನ ಬೇಡ. ತಪ್ಪು ಎರಡು ಬಗೆ: ಬೇಕಾದ್ದಕ್ಕಿಂತ ಹೆಚ್ಚು ತುರ್ತಿನ ಬಣ್ಣ ಹಾಕುವುದು, ಕಡಿಮೆ ತುರ್ತಿನ ಬಣ್ಣ ಹಾಕುವುದು. ಮೊದಲನೆಯದರಲ್ಲಿ ಡಾಕ್ಟರ ಸಮಯ ಹೋಗುತ್ತದೆ, ಎರಡನೆಯದರಲ್ಲಿ ಜೀವ. ಗಾಯಾಳುಗಳನ್ನು ಯಾವ ಆಸ್ಪತ್ರೆಗೆ ಕಳಿಸಬೇಕು ಎಂಬ ವಿಂಗಡಣೆಗೆ ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಇಟ್ಟುಕೊಂಡ ಲೆಕ್ಕದಲ್ಲಿ ಎರಡನೆಯ ಬಗೆಯ ತಪ್ಪು ನೂರಕ್ಕೆ 5 ಮೀರಬಾರದು; ಅದಕ್ಕಾಗಿ ಮೊದಲನೆಯ ಬಗೆಯದು 25ರಿಂದ 35ರ ತನಕ ಆದರೂ ಒಪ್ಪಿಕೊಳ್ಳಬಹುದು. ಕೇಪ್‌ಟೌನಿನ ಕಾರ್ಡನ್ನೂ ಅದೇ ಅಳತೆಗೋಲಿನಿಂದ ನೋಡಿದವರಿದ್ದಾರೆ. ಸಣ್ಣ ಆಸ್ಪತ್ರೆಯಲ್ಲಿ ವಾರಕ್ಕೊಮ್ಮೆ ಹಸಿರು ಬಣ್ಣ ಹಾಕಿಸಿಕೊಂಡು ಅದೇ ದಿನ ಐಸಿಯುಗೋ ಜಿಲ್ಲಾಸ್ಪತ್ರೆಗೋ 108ರಲ್ಲಿ ಹೋದವರ ಕಾರ್ಡುಗಳನ್ನು ಮಾತ್ರ ಹೊರತೆಗೆದರೆ ಸಾಕು. ಕೈಬೆರಳಲ್ಲಿ ಎಣಿಸುವಷ್ಟು ಇರುತ್ತವೆ. ಒಂದೊಂದರಲ್ಲೂ ಲಕ್ಷಣದ ಪಟ್ಟಿ ಓದಿದ್ದಾರೆಯೇ, ಎರಡನೆಯ ಸಲ ಅಳೆದಿದ್ದಾರೆಯೇ, ಉಸಿರಿನ ಮನೆಯಲ್ಲಿ ಏನು ಬರೆದಿದೆ ಎಂದು ಡ್ಯೂಟಿ ಡಾಕ್ಟರೂ ಸಿಸ್ಟರೂ ಒಟ್ಟಿಗೆ ಕೂತು ನೋಡಲಿ.